ಬ್ರಿಟನ್ ಪೆನ್ಶನ್ ಹಿಡಿದು ಕೊಡಗಿಗೆ ವಾಪಸ್ ಬರುವವರು ಮೊದಲು ನೋಡಬೇಕಾದ ಲೆಕ್ಕ

ಗೋಣಿಕೊಪ್ಪದ ಹತ್ತಿರ ಇರುವ ನನ್ನ ಮಾವ ಕಳೆದ ಹುತ್ತರಿಗೆ ಹೋದಾಗ ಪಾಸ್‌ಬುಕ್ ತೋರಿಸಿದರು. ಮೂವತ್ತೈದು ವರ್ಷ ಇಂಗ್ಲೆಂಡಿನಲ್ಲಿ ದುಡಿದು, 2016ರಲ್ಲಿ 65 ತುಂಬಿದಾಗ ಊರಿಗೆ ಬಂದವರು. "ನೋಡು, ಮೊದಲು ಐವತ್ತಾರು ಸಾವಿರ ಬರ್ತಿತ್ತು, ಈಗ ಎಪ್ಪತ್ತು ದಾಟಿದೆ. ಏರ್ತಾ ಇದೆ ಅಲ್ವಾ?" ಅಂದರು.

ಏರಿದ್ದು ಪೆನ್ಶನ್ ಅಲ್ಲ, ಪೌಂಡಿನ ಬೆಲೆ. ಅವರ ಪೆನ್ಶನ್ 2016ರಲ್ಲಿ ಎಲ್ಲಿ ನಿಂತಿತ್ತೋ ಇವತ್ತಿಗೂ ಅಲ್ಲೇ ಇದೆ. ಇದನ್ನು ಅವರಿಗೆ ಹೇಳೋಕೆ ನನಗೆ ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಬೇಕಾಯಿತು.

ನಮ್ಮಲ್ಲಿ ಸರ್ಕಾರಿ ಪೆನ್ಶನ್ ಇರುವವರ ಮನೆಯಲ್ಲಿ ಡಿಎ ಎಂದರೆ ಎಲ್ಲರಿಗೂ ಗೊತ್ತು. ಬೆಲೆ ಏರಿದಂತೆ ತುಟ್ಟಿಭತ್ಯೆ ಏರುತ್ತದೆ. ಎಸ್ಟೇಟಿನಲ್ಲೋ ಕಂಪನಿಯಲ್ಲೋ ಪಿಎಫ್ ಕಟ್ಟಿ ಇಪಿಎಸ್ ಪೆನ್ಶನ್ ಪಡೆಯುವವರಿಗೆ ಆ ಡಿಎ ಇಲ್ಲ. ಬ್ರಿಟನ್ನಿನ ಸ್ಟೇಟ್ ಪೆನ್ಶನ್, ಅಂದರೆ ಅಲ್ಲಿನ ಸರ್ಕಾರ ಕೊಡುವ ಪೆನ್ಶನ್, ಈ ಎರಡೂ ಹೌದು. ನೀವು ಬ್ರಿಟನ್ನಿನಲ್ಲೇ ಇದ್ದರೆ ಡಿಎ ಇರುವ ಪೆನ್ಶನ್. ಭಾರತಕ್ಕೆ ಬಂದರೆ ಡಿಎ ಇಲ್ಲದ ಪೆನ್ಶನ್.

ಅಲ್ಲಿ ಏರಿಕೆ ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ. ಟ್ರಿಪಲ್ ಲಾಕ್ ಅನ್ನುತ್ತಾರೆ. ಮೂರು ಅಂಕಿ ಇಟ್ಟುಕೊಂಡು, ಯಾವುದು ದೊಡ್ಡದೋ ಅಷ್ಟು ಏರಿಸುತ್ತಾರೆ: ಹಿಂದಿನ ಸೆಪ್ಟೆಂಬರಿನ ಬೆಲೆ ಏರಿಕೆ, ಜನರ ಸಂಬಳದಲ್ಲಿ ಆದ ಸರಾಸರಿ ಏರಿಕೆ, ಇಲ್ಲವೇ ಶೇ. 2.5. 2023ರ ಏಪ್ರಿಲ್‌ನಲ್ಲಿ ಬೆಲೆ ಗೆದ್ದಿತು, ಶೇ. 10.1 ಸಿಕ್ಕಿತು. ಮರುವರ್ಷ ಸಂಬಳ ಗೆದ್ದಿತು, ಶೇ. 8.5. ಯಾವಾಗಲೂ ಹೀಗೇ ನಡೆದಿಲ್ಲ. 2022ರಲ್ಲಿ ಸಂಬಳದ ಅಂಕಿಯನ್ನು ಒಂದು ವರ್ಷ ಬದಿಗಿಟ್ಟು ಶೇ. 3.1 ಮಾತ್ರ ಕೊಟ್ಟರು.

ಈಗ ಮಾವನ ಲೆಕ್ಕಕ್ಕೆ ಬರೋಣ. ಪೂರ್ತಿ ದರ ಸಿಕ್ಕಿದೆ ಎಂದೇ ಹಿಡಿಯೋಣ. 2016ರ ಏಪ್ರಿಲ್‌ನಲ್ಲಿ ಹೊಸ ಸ್ಟೇಟ್ ಪೆನ್ಶನ್ ಶುರುವಾದಾಗ ವಾರಕ್ಕೆ 155.65 ಪೌಂಡ್. ನಾಲ್ಕು ವಾರಕ್ಕೆ 622.60. ಪೌಂಡಿಗೆ 90 ರೂಪಾಯಿ ಇದ್ದಾಗ ಅದು 56 ಸಾವಿರ, 115 ಆದಾಗ 71,600. ಪಾಸ್‌ಬುಕ್ಕಿನಲ್ಲಿ ಮಾವ ಕಂಡ ಏರಿಕೆ ಇಷ್ಟೇ.

ಊರಿನ ಬೆಲೆ ಸುಮ್ನೆ ಕೂತಿರಲಿಲ್ಲ. ವರ್ಷಕ್ಕೆ ಸರಾಸರಿ ಶೇ. 5 ಅಂತ ಹಿಡಿದರೂ ಒಂಬತ್ತು ವರ್ಷಕ್ಕೆ ಒಂದೂವರೆ ಪಟ್ಟು ದಾಟುತ್ತದೆ. ಆಗ 56 ಸಾವಿರಕ್ಕೆ ಬರುತ್ತಿದ್ದ ಅಕ್ಕಿ, ಔಷಧಿ, ತೋಟದ ಆಳಿನ ಕೂಲಿ, ಎಲ್ಲಕ್ಕೂ ಈಗ 87 ಸಾವಿರ ಬೇಕು. ಕೈಗೆ ಬರುವುದು 71,600. ಪ್ರತಿ ನಾಲ್ಕು ವಾರಕ್ಕೂ ಹದಿನೈದು ಸಾವಿರ ಕಮ್ಮಿ. ರೂಪಾಯಿ ಬಿದ್ದಿದ್ದರಿಂದ ನಷ್ಟ ಅರ್ಧ ಮುಚ್ಚಿತು, ಪೂರ್ತಿ ಮುಚ್ಚಲಿಲ್ಲ. ಪೌಂಡೇ ಬಿದ್ದ ವರ್ಷ ಅದೂ ಇರುವುದಿಲ್ಲ.

ಅದೇ ಕೆಲಸ ಮಾಡಿ ಬ್ರಿಟನ್ನಿನಲ್ಲೇ ಉಳಿದ ಅವರ ಗೆಳೆಯನಿಗೆ 2025ರ ಏಪ್ರಿಲ್‌ನಲ್ಲಿ ವಾರಕ್ಕೆ 230.25 ಪೌಂಡ್ ಆಯಿತು. ವಾರಕ್ಕೆ 74.60 ವ್ಯತ್ಯಾಸ, ವರ್ಷಕ್ಕೆ ಸುಮಾರು 3,880 ಪೌಂಡ್. ಈ ಪೆನ್ಶನ್ನಿಗಾಗಿ ಇಬ್ಬರೂ ಸಂಬಳದಿಂದ ಕಟ್ಟಿದ ನ್ಯಾಷನಲ್ ಇನ್ಶೂರೆನ್ಸ್ ಒಂದೇ.

ಯಾಕೆ ಹೀಗೆ? ಹೊರದೇಶದಲ್ಲಿ ಇರುವವರಿಗೆ ಏರಿಕೆ ಕೊಡಬೇಕಾದರೆ ಆ ದೇಶದ ಜೊತೆ ಅದಕ್ಕಾಗಿ ಒಪ್ಪಂದ ಇರಬೇಕು, ಇಲ್ಲವೇ ಅದು ಯುರೋಪಿನ ವ್ಯವಸ್ಥೆಯಲ್ಲಿ ಸೇರಿರಬೇಕು ಅನ್ನುವುದು ಅಲ್ಲಿನ ನಿಯಮ. ಅಮೆರಿಕ, ಫಿಲಿಪ್ಪೀನ್ಸ್, ಜಮೈಕಾ, ಮಾರಿಷಸ್ ಪಟ್ಟಿಯಲ್ಲಿವೆ. ಭಾರತ ಇಲ್ಲ. ಆಸ್ಟ್ರೇಲಿಯಾ, ಕೆನಡಾ ಕೂಡ ಇಲ್ಲ. ಹಳೆಯ ಕಾಲದ ಒಪ್ಪಂದಗಳು ಹೇಗೆ ಆಗಿವೆಯೋ ಹಾಗೆ ಉಳಿದಿವೆ ಬಿಟ್ಟರೆ ಇದಕ್ಕೆ ಬೇರೆ ತರ್ಕ ನನಗಂತೂ ಕಂಡಿಲ್ಲ. ದಕ್ಷಿಣ ಆಫ್ರಿಕಾಕ್ಕೆ ಹೋದ ಆನೆಟ್ ಕಾರ್ಸನ್ ಮತ್ತು ಕೆಲವರು ಇದು ತಾರತಮ್ಯ ಎಂದು ಯುರೋಪಿನ ಮಾನವ ಹಕ್ಕುಗಳ ಕೋರ್ಟಿನವರೆಗೂ ಹೋದರು. 2010ರಲ್ಲಿ ಸೋತರು. ಹಾಗಾಗಿ ಕೋರ್ಟು ಬಿಡಿಸುತ್ತದೆ ಅಂತ ಕಾದು ಕೂರುವುದರಲ್ಲಿ ಅರ್ಥವಿಲ್ಲ.

ಇನ್ನೂ ಹೊರಡದವರ ಕೈಯಲ್ಲಿ ಒಂದು ವಿಷಯ ಇದೆ: ಹೊರಡುವ ದಿನ. ಪೆನ್ಶನ್ ಶುರುವಾದ ಮೇಲೆ ನೀವು ದೇಶ ಬಿಟ್ಟರೆ, ಬಿಟ್ಟ ಹೊತ್ತಿಗೆ ಇದ್ದ ದರಕ್ಕೆ ಅದು ನಿಲ್ಲುತ್ತದೆ. 2023ರ ಮಾರ್ಚಿನಲ್ಲಿ ಮನೆ ಖಾಲಿ ಮಾಡಿ ಬಂದವರಿಗೆ ಪೂರ್ತಿ ದರ 185.15ಕ್ಕೆ ನಿಂತಿತು. ಏಪ್ರಿಲ್ ಏರಿಕೆ ಆಗುವವರೆಗೆ ಅಲ್ಲೇ ವಾಸವಿದ್ದು ಮೇ ತಿಂಗಳಲ್ಲಿ ಬಂದವರಿಗೆ 203.85ಕ್ಕೆ. ಎರಡು ತಿಂಗಳ ಬಾಡಿಗೆಗೆ ಬದಲಾಗಿ, ಬದುಕಿರುವಷ್ಟು ಕಾಲ ವರ್ಷಕ್ಕೆ 970 ಪೌಂಡಿಗಿಂತ ಜಾಸ್ತಿ. ಕಾಫಿ ಕೊಯ್ಲಿಗೆ ಅಂತ ಅವಸರದಲ್ಲಿ ಡಿಸೆಂಬರಿನಲ್ಲೇ ಟಿಕೆಟ್ ಮಾಡುವವರು ಇದನ್ನು ಯೋಚಿಸಬೇಕು.

ಊರಿಗೆ ಬಂದ ಮೇಲೆ ಪೆನ್ಶನ್ ಅರ್ಜಿ ಮುಂದಕ್ಕೆ ಹಾಕಿದರೆ ಹೇಗೆ ಅಂತ ಹಲವರು ಕೇಳುತ್ತಾರೆ. ಒಂಬತ್ತು ವಾರ ಮುಂದೂಡಿದರೆ ಶೇ. 1 ಜಾಸ್ತಿ ಸಿಗುವುದು ನಿಜ. ಆದರೆ ಭಾರತದಲ್ಲಿ ಇರುವವರಿಗೆ ಆ ಹೆಚ್ಚುವರಿಯನ್ನು ಲೆಕ್ಕ ಹಾಕುವುದು ಪೆನ್ಶನ್ ವಯಸ್ಸು ತುಂಬಿದ ದಿನ ಅಥವಾ ದೇಶ ಬಿಟ್ಟ ದಿನ, ಇವೆರಡರಲ್ಲಿ ಯಾವುದು ನಂತರದ್ದೋ ಆಗಿನ ದರದ ಮೇಲೆ. ನಡುವೆ ಬಂದುಹೋದ ಏಪ್ರಿಲ್ ಏರಿಕೆಗಳು ಸೇರುವುದಿಲ್ಲ.

ಇನ್ನೊಂದು ದಾರಿಯನ್ನು ಸಂತೆಯಲ್ಲಿ ಹೇಳುವಷ್ಟು ಸಲೀಸಾಗಿ ಹೇಳುತ್ತಾರೆ: ಮಗನ ಬ್ರಿಟನ್ ವಿಳಾಸ ಕೊಟ್ಟು ಸುಮ್ಮನಿರಿ. ಬೇಡ. ದೇಶ ಬಿಟ್ಟಿದ್ದನ್ನು ಅಲ್ಲಿನ ಇಂಟರ್‌ನ್ಯಾಷನಲ್ ಪೆನ್ಶನ್ ಸೆಂಟರಿಗೆ ತಿಳಿಸಲೇಬೇಕು. ಮುಚ್ಚಿಟ್ಟು ಪಡೆದ ಏರಿಕೆ ಸಾಲದಂತೆ, ಸಿಕ್ಕಿಬಿದ್ದ ದಿನ ವಾಪಸ್ ಕಟ್ಟಬೇಕು. ಅದರ ಮೇಲೆ ವಂಚನೆಯ ಕೇಸೂ ಆಗಬಹುದು. ನಿಜವಾಗಿ ಬ್ರಿಟನ್ನಿಗೆ ಮರಳಿ ವಾಸಕ್ಕೆ ಹೋದರೆ ಪೆನ್ಶನ್ ಅವತ್ತಿನ ದರಕ್ಕೆ ಏರುತ್ತದೆ, ಆದರೆ ಕಳೆದ ವರ್ಷಗಳ ಬಾಕಿ ಕೊಡುವುದಿಲ್ಲ.

ಇದೆಲ್ಲ ಸ್ಟೇಟ್ ಪೆನ್ಶನ್ ಮಾತು. ಕೆಲಸದ ಜಾಗದ ಪೆನ್ಶನ್ ಬೇರೆ. ಅಲ್ಲಿ ನೀವು ಎಲ್ಲಿದ್ದೀರಿ ಅನ್ನುವುದಕ್ಕಿಂತ ಯೋಜನೆಯ ನಿಯಮ ಮುಖ್ಯ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಪೆನ್ಶನ್ ಪಡೆಯುವ ನರ್ಸ್ ಮಡಿಕೇರಿಯಲ್ಲಿ ಇದ್ದರೂ ಬೆಲೆ ಏರಿಕೆಗೆ ತಕ್ಕಂತೆ ಅದು ಏರುತ್ತದೆ. ಖಾಸಗಿ ಕಂಪನಿಯ ಹಳೆಯ ಮಾದರಿಯ, ಸಂಬಳದ ಮೇಲೆ ನಿಗದಿಯಾದ ಪೆನ್ಶನ್ ಆದರೆ ಸೇವೆಯ ವರ್ಷ ನೋಡಬೇಕು. 1997ರ ಏಪ್ರಿಲ್‌ನಿಂದ 2005ರ ಏಪ್ರಿಲ್‌ವರೆಗಿನ ಸೇವೆಗೆ ಬೆಲೆ ಏರಿಕೆಯಷ್ಟು, ಆದರೆ ಶೇ. 5 ಮೀರದಂತೆ, ಏರಿಸಬೇಕು ಅನ್ನುತ್ತದೆ ಕಾನೂನು. ಅದರ ನಂತರದ ಸೇವೆಗೆ ಮಿತಿ ಶೇ. 2.5. 1997ಕ್ಕೆ ಮುಂಚಿನದಕ್ಕೆ ಸಾಮಾನ್ಯವಾಗಿ ಕಡ್ಡಾಯ ಏನೂ ಇಲ್ಲ. ಮಾವನಿಗೂ ಇಂಥ ಒಂದು ಸಣ್ಣ ಪೆನ್ಶನ್ ಇದೆ. ಅವರ ಸೇವೆ ಹೆಚ್ಚಿನ ಪಾಲು 1997ಕ್ಕೆ ಮುಂಚಿನದು. ಯೋಜನೆ ನಡೆಸುವವರಿಗೆ ಪತ್ರ ಬರೆದು, 1997ಕ್ಕೆ ಮುಂಚಿನ ಪಾಲು ಎಷ್ಟು, ಅದಕ್ಕೆ ವರ್ಷಕ್ಕೆ ಏನು ಏರಿಕೆ ಅಂತ ಕೇಳಿದ್ದೇವೆ. ಉತ್ತರ ಬರುವವರೆಗೆ ಪಾಸ್‌ಬುಕ್ ಪಕ್ಕಕ್ಕಿಟ್ಟು, ಬರುವ ಹಣವನ್ನು ಪೌಂಡಿನಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಾರೆ.