ನಾಳೆ ಪ್ರೆಸೆಂಟೇಶನ್, ಇವತ್ತು ಒಬ್ಬ ಕೈಕೊಟ್ಟ: ಭಾಗ ಹಂಚಿಕೊಳ್ಳುವುದು ಹೇಗೆ?

ಸಂಜೆ ಐದಕ್ಕೆ ಗ್ರೂಪಿನಲ್ಲಿ ಮೆಸೇಜ್ ಬರುತ್ತದೆ: "ಜ್ವರ ಬಂದಾವ, ನಾಳಿ ಬರಾಕ ಆಗಂಗಿಲ್ಲ."

ಕೊಪ್ಪಳದ ಪದವಿ ತರಗತಿಯ ಒಂದು ಗುಂಪು ಅಂದುಕೊಳ್ಳಿ. ಐದು ಜನ, 20 ನಿಮಿಷ, ವಿಷಯ ತುಂಗಭದ್ರಾ ಜಲಾಶಯ. ತಲಾ ನಾಲ್ಕು ನಿಮಿಷ. ಮೊದಲನೆಯವಳದು 1953ರಲ್ಲಿ ಪೂರ್ತಿಯಾದ ಅಣೆಕಟ್ಟಿನ ಕತೆ. ಎರಡನೆಯವಳದು ಕೊಪ್ಪಳ, ರಾಯಚೂರಿಗೆ ನೀರು ಕೊಡುವ ಎಡದಂಡೆ ಕಾಲುವೆ. ಮೂರನೆಯವನದು ಹೂಳು. ನಾಲ್ಕನೆಯವನದು 2024ರ ಆಗಸ್ಟ್ 10ರ ರಾತ್ರಿ ಚೈನ್ ಕಡಿದು ಕೊಚ್ಚಿಹೋದ 19ನೇ ಗೇಟು. ಕೊನೆಯವಳದು ನವಲಿ ಬಳಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವ. ಜ್ವರ ಬಂದಿದ್ದು ಹೂಳಿನವನಿಗೆ.

ಎಲ್ಲರಿಗೂ ತಕ್ಷಣ ಹೊಳೆಯುವುದು ಒಂದೇ: ಅವನ ನಾಲ್ಕು ನಿಮಿಷವನ್ನು ನಾಲ್ಕು ಜನಕ್ಕೆ ಒಂದೊಂದು ನಿಮಿಷ ಹಂಚೋಣ. ನ್ಯಾಯ ಏನೋ ಸರಿ, ಆದರೆ ಕೇಳುವವರಿಗೆ ಹೂಳು ನಾಲ್ಕು ಕಡೆ ಚೆಲ್ಲಿದ ಹಾಗೆ ಕಾಣುತ್ತದೆ. "ಚೆನ್ನಾಗಿ ಮಾತಾಡ್ತಾಳೆ, ಅವಳೇ ಹೇಳಲಿ" ಎಂದು ಒಬ್ಬಳ ತಲೆಗೆ ಕಟ್ಟುವುದೂ ಬೇಡ. ಅಣೆಕಟ್ಟಿನ ಕತೆ ಹೇಳುವವಳಿಗೆ ಹೂಳಿನ ಲೆಕ್ಕ ಹೊಸದು. ಗೊತ್ತಿಲ್ಲದ್ದನ್ನು ಹೇಳುವಾಗ ಎಂಥ ಮಾತುಗಾರರೂ ಪರದೆಯ ಕಡೆ ತಿರುಗಿ ಓದೋಕೆ ಶುರು ಮಾಡುತ್ತಾರೆ.

ಮೊದಲು ಹತ್ತು ನಿಮಿಷ ಫೋನ್ ಮಾಡಿ. ಮಲಗಿದವನಿಗೆ ಪೂರ್ತಿ ಬರೆದು ಕಳಿಸು ಅನ್ನಬೇಡಿ. ಮೂರೇ ಕೇಳಿ: ಸ್ಲೈಡ್ ಫೈಲ್, ಅಂಕಿಗಳನ್ನು ಎಲ್ಲಿಂದ ತೆಗೆದದ್ದು, ಮೇಷ್ಟ್ರು ಏನು ಕೇಳಬಹುದು. ಫೈಲ್ ಸಿಕ್ಕಿದ ಕೂಡಲೇ ತೆರೆದು ಒಂದು ಅಕ್ಷರ ತಿದ್ದಿ ನೋಡಿ. ನೋಡೋಕೆ ಮಾತ್ರ ಬಿಟ್ಟು ತಿದ್ದೋಕೆ ಬಿಟ್ಟಿಲ್ಲ ಅಂತ ರಾತ್ರಿ ಹನ್ನೊಂದಕ್ಕೆ ಗೊತ್ತಾದರೆ ಅಷ್ಟೊತ್ತಿಗೆ ಅವನು ಮಾತ್ರೆ ನುಂಗಿ ಮಲಗಿರುತ್ತಾನೆ. ಅದೇ ಸಂಜೆ ಮೇಷ್ಟ್ರಿಗೂ ವಿಷಯ ತಿಳಿಸಿಬಿಡಿ.

ಈಗ ಅವನ ಭಾಗವನ್ನು ಬಿಡಿಸಿ ನೋಡಿ. ಒಳಗೆ ಮೂರು ಸಂಗತಿ ಇವೆ: ಹೂಳು ಹೇಗೆ ಬರುತ್ತದೆ, ಎಷ್ಟು ತುಂಬಿದೆ, ಅದರಿಂದ ಯಾರಿಗೆ ತೊಂದರೆ. ಒಂದೊಂದಕ್ಕೂ ಒಂದೇ ಪ್ರಶ್ನೆ ಹಾಕಿ: ಇದನ್ನು ತೆಗೆದರೆ ಬೇರೆ ಯಾರ ಮಾತು ಬೀಳುತ್ತದೆ?

ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಈಗ 105ರ ಆಸುಪಾಸಿಗೆ ಇಳಿದಿದೆ ಅನ್ನುವುದನ್ನು ತೆಗೆದರೆ ನವಲಿ ಯಾಕೆ ಬೇಕು ಅನ್ನುವುದೇ ಅರ್ಥ ಆಗುವುದಿಲ್ಲ. ಹಾಗಾಗಿ ಅದು ನವಲಿಯವಳಿಗೆ, ಒಂದೂವರೆ ನಿಮಿಷ. ಕಾಲುವೆ ಕೊನೆಯ ಹೊಲಗಳಿಗೆ ನೀರು ಮುಟ್ಟದ ವಿಚಾರ ಕಾಲುವೆಯವಳಿಗೆ, ಒಂದು ನಿಮಿಷ. ಅವಳು ಅದರ ಹತ್ತಿರವೇ ಮಾತಾಡುತ್ತಿದ್ದಾಳೆ. ಹೂಳು ಹೇಗೆ ಬರುತ್ತದೆ ಅನ್ನುವುದನ್ನು ಒಂದು ವಾಕ್ಯಕ್ಕೆ ಇಳಿಸಿ. ಅದರ ಸ್ಲೈಡ್ ಎಷ್ಟೇ ಚಂದ ಇರಲಿ, ತೆಗೆಯಿರಿ. ಲೆಕ್ಕ ಹಾಕಿ: 4, 5, 4, 5.5. ಒಟ್ಟು ಹದಿನೆಂಟೂವರೆ. ಉಳಿದ ಒಂದೂವರೆ ನಿಮಿಷ ತುಂಬಿಸೋಕೆ ಹೋಗಬೇಡಿ. ಹೊಸ ಭಾಗ ಹೇಳುವವರು ತಡವರಿಸಿಯೇ ತಡವರಿಸುತ್ತಾರೆ, ಅಲ್ಲಿ ಖರ್ಚಾಗುತ್ತದೆ.

ಜಾಸ್ತಿ ಎಡವುವುದು ಹಂಚಿಕೆಯಲ್ಲಲ್ಲ, ಬೆಸುಗೆಯಲ್ಲಿ. ಗೇಟಿನವನು ಬರೆದುಕೊಂಡಿದ್ದ ಮೊದಲ ಸಾಲು ನೋಡಿ: "ಹೂಳಿನ ಸಮಸ್ಯೆ ಈಗಷ್ಟೇ ಕೇಳಿದಿರಿ." ಯಾರೂ ಹೇಳಿಲ್ಲವಲ್ಲ! ಹೂಳು ಈಗ ಅವನ ನಂತರ ಬರುತ್ತದೆ. ಕಾಲುವೆಯವಳಿಗೂ ಇದೇ ಪೇಚು. "ಹೂಳಿನಿಂದ ನೀರು ಕಮ್ಮಿ ಆಗಿದೆ" ಅಂದುಬಿಟ್ಟರೆ, ಎಷ್ಟು ಅನ್ನುವ ಲೆಕ್ಕ ಗೇಟಿನವನ ಮಾತು ಮುಗಿದ ಮೇಲೆ ಬರುತ್ತದೆ. ಅವಳು "ಕೊನೆಯ ಹೊಲಕ್ಕೆ ನೀರು ಹೋಗುತ್ತಿಲ್ಲ. ಒಂದು ಕಾರಣವನ್ನು ನಮ್ಮ ಕೊನೆಯ ಗೆಳತಿ ಹೇಳುತ್ತಾಳೆ" ಅಂದರೆ ಸಾಕು. ಅದಕ್ಕೇ ಪ್ರತಿಯೊಬ್ಬರ ಮೊದಲ ಸಾಲು, ಕೊನೆಯ ಸಾಲು ಮಾತ್ರ ಬರೆದು ಸಾಲಾಗಿ ಜೋಡಿಸಿ ಓದಿ. ತಪ್ಪಿದ ಕೊಂಡಿ ಅಲ್ಲೇ ಸಿಗುತ್ತದೆ. "ಮೇಲೆ ಹೇಳಿದಂತೆ", "ಹಿಂದಿನ ಸ್ಲೈಡಿನಲ್ಲಿ" ಇಂಥ ಮಾತುಗಳನ್ನೂ ಹುಡುಕಿ ಅಳಿಸಿ.

ಆಮೇಲೆ ಮಿರ್ಚಿ-ಮಂಡಕ್ಕಿ ಮುಗಿಸಿ ಎದ್ದು ನಿಲ್ಲಿ. ಬೆಸುಗೆಗಳನ್ನು ಎರಡು ಸಲ, ಪೂರ್ತಿಯನ್ನು ಗಡಿಯಾರ ಇಟ್ಟುಕೊಂಡು ಒಂದು ಸಲ. ನವಲಿಯವಳು ಐದೂವರೆ ಬದಲು ಏಳು ನಿಮಿಷ ತೆಗೆದುಕೊಂಡರೆ ಬೇಗ ಮಾತಾಡು ಅನ್ನಬೇಡಿ, ಒಂದು ಸಂಗತಿ ಕಡಿಮೆ ಮಾಡಿ. "ಈ 105 ಎಲ್ಲಿಂದ ಬಂತು?" ಎಂದು ಉಳಿದವರು ಅವಳನ್ನು ಕೇಳಿ ನೋಡಿ. ಉತ್ತರ ಫೋನಿನಲ್ಲಿ ಬರೆದುಕೊಂಡದ್ದರಲ್ಲಿ ಇರಬೇಕು.

ಮೊದಲ ಸ್ಲೈಡಿನಲ್ಲಿ ಹೂಳಿನವನ ಹೆಸರು ಇರಲಿ. ಲೆಕ್ಕ ಹುಡುಕಿದ್ದು ಅವನೇ. ಅಂಕ ಕೊಡುವುದು ಬಿಡುವುದು ಮೇಷ್ಟ್ರಿಗೆ ಬಿಟ್ಟದ್ದು.