ಅಂಟಿನ ಉಂಡಿ ಹಲ್ಲಿಗೆ ಅಂಟದ ಹಾಗೆ

ಕಲಬುರಗಿಯ ಮನೆಯಲ್ಲಿ ಬಾಣಂತಿ ತಂಗಿಗೆ ಅಂಟಿನ ಉಂಡಿ ಕಟ್ಟುತ್ತಿದ್ದೆವು. ನೋಡಲು ಅಂಟು ಅರಳಿರುತ್ತಿತ್ತು, ತಿಂದರೆ ಹಲ್ಲಿಗೆ ಮೆತ್ತುತ್ತಿತ್ತು. ಕರಿದ ಹರಳೊಂದನ್ನು ಒಡೆದು ನೋಡಿದೆ. ನಡುವೆ ಅರಳದ ಗಟ್ಟಿ ಚೂರು! ಹರಳು ದಪ್ಪ, ತುಪ್ಪ ಜಾಸ್ತಿ ಬಿಸಿ. ಹೊರಗೆ ಕೆಂಪಾದರೂ ಒಳಗೆ ಕಾವು ಮುಟ್ಟಿರಲಿಲ್ಲ.

ಈ ಸಲ ಅಂಟನ್ನು ಬಿಸಿಲಿಗೆ ಒಣಗಿಸಿ, ತೊಗರಿ ಕಾಳಿನಷ್ಟು ಸಣ್ಣಗೆ ಕುಟ್ಟಿಕೊಂಡೆ. ಮಧ್ಯಮ ಉರಿಯಲ್ಲಿ ಒಂದೊಂದೇ ಚಮಚ ಹಾಕಿ ಕರಿದೆ. ಬೆಳ್ಳಗೆ ಉಬ್ಬಿದ್ದನ್ನು ಬೆರಳಲ್ಲಿ ಒತ್ತಿದರೆ ಪೂರ್ತಿ ಪುಡಿಯಾಗಬೇಕು, ಅದೇ ಗುರುತು.

100 ಗ್ರಾಂ ಅಂಟಿಗೆ 250 ಗ್ರಾಂ ಗೋಧಿ ಹಿಟ್ಟು. ಅದೇ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಘಮ್ ಅನ್ನುವವರೆಗೆ ಹುರಿದೆ. ಉತ್ತತ್ತಿ, ಗೋಡಂಬಿ, ಅಂಟು ಬೆರೆಸಿ, ಉಗುರುಬೆಚ್ಚಗಾದ ಮೇಲೆ ಬೆಲ್ಲದ ಪುಡಿ ಹಾಕಿದೆ. ಉಂಡಿ ಉದುರಿದರೆ ನೀರು, ಹಾಲು ಚಿಮುಕಿಸಬೇಡಿ. ಅಂಟು ಮತ್ತೆ ಮೆತ್ತಗಾಗುತ್ತದೆ. ಒಂದು ಚಮಚ ಬಿಸಿ ತುಪ್ಪ ಸಾಕು.