ಕುರಿಯ ಶ್ವಾಸಕೋಶಕ್ಕೆ ಗಾಳಿ ತುಂಬಿದ ಬೆಳಿಗ್ಗೆ

ಮೈಸೂರಿನಲ್ಲಿ ಶರೀರಕ್ರಿಯಾಶಾಸ್ತ್ರ ಪಾಠ ಮಾಡುವ ನಾನು, ಶ್ವಾಸಕೋಶಕ್ಕೆ ಗಾಳಿ ತುಂಬುವಾಗ ಒಂದು ದಾರಿ, ಇಳಿಸುವಾಗ ಇನ್ನೊಂದು ದಾರಿ ಹಿಡಿಯುವ ಒತ್ತಡ-ಗಾತ್ರದ ಗೆರೆಗಳ ಕುಣಿಕೆಯನ್ನು ವರ್ಷಗಳ ಕಾಲ ಹಲಗೆಯ ಮೇಲೆ ಬರೆದಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಒಂದು ಭಾನುವಾರ ಮಾಂಸದ ಅಂಗಡಿಯವರಿಗೆ, ಬನ್ನೂರು ಕುರಿಯ ಶ್ವಾಸಕೋಶವನ್ನು ಚಾಕು ತಾಗದಂತೆ ಶ್ವಾಸನಾಳದ ಸಮೇತ ತೆಗೆದುಕೊಡಿ ಎಂದೆ. "ಮೇಷ್ಟ್ರೇ, ಸಾರಿಗಲ್ಲವೇ?" ಎಂದು ನಕ್ಕರು.

ಎಡ ಭಾಗದ ಶ್ವಾಸನಾಳಕ್ಕೆ ಕೊಳವೆ ಕಟ್ಟಿ, ಒಂದು ಕವಲಿಗೆ ದೊಡ್ಡ ಸಿರಿಂಜು, ಇನ್ನೊಂದಕ್ಕೆ ನೀರು ತುಂಬಿದ ಯು ಆಕಾರದ ನಳಿಕೆ ಜೋಡಿಸಿದೆ. ಪ್ರತಿ ಸಲ 50 ಮಿ.ಲೀ. ಗಾಳಿ ತಳ್ಳುವುದು, ಅರ್ಧ ನಿಮಿಷ ಕಾಯುವುದು, ನೀರಿನ ಎತ್ತರ ಬರೆದುಕೊಳ್ಳುವುದು. ಮೊದಮೊದಲು ಒತ್ತಡ ಏರಿತೇ ಹೊರತು ಮುದುಡಿದ ಶ್ವಾಸಕೋಶ ಅಲುಗಲಿಲ್ಲ. ಆಮೇಲೆ ಅಲ್ಲೊಂದು ಇಲ್ಲೊಂದು ತೇಪೆಯಂತೆ ಗುಲಾಬಿ ಭಾಗಗಳು ಉಬ್ಬಿದವು. 250 ಮಿ.ಲೀ. ಹೊತ್ತಿಗೆ 17 ಸೆಂ.ಮೀ. ನೀರಿನ ಒತ್ತಡ. 500ರವರೆಗೆ ತುಂಬಿ ಹಿಂದಕ್ಕೆ ಎಳೆಯುತ್ತಾ ಬಂದಾಗ ಅದೇ 250ಕ್ಕೆ ಬರೀ 6.

ನನ್ನ ಮೊದಲ ಅನುಮಾನ ಸೋರಿಕೆಯ ಮೇಲೆ. ಗಾಳಿ ಸೋರಿದ್ದರೆ ಒಳಗಿರುವುದು ನಾನು ಲೆಕ್ಕ ಹಾಕಿದ್ದಕ್ಕಿಂತ ಕಡಿಮೆ. ಹಿಂದಿರುಗುವಾಗ ಒತ್ತಡ ಸುಳ್ಳಾಗಿ ತಗ್ಗಿ ಕಾಣುತ್ತದೆ. ಉಬ್ಬಿದ ಶ್ವಾಸಕೋಶವನ್ನು ನೀರಿನಲ್ಲಿ ಮುಳುಗಿಸಿದೆ, ಗುಳ್ಳೆ ಏಳಲಿಲ್ಲ. ಸೋರುವುದಾದರೆ ಒತ್ತಡ ಇಳಿಯುತ್ತಲೇ ಹೋಗುತ್ತದೆ. ಇಲ್ಲಿ ಸ್ವಲ್ಪ ಇಳಿದು ನಿಲ್ಲುತ್ತಿತ್ತು.

ಮುಂದೆ ಮಾಡಿದ್ದು 1929ರಲ್ಲಿ ಫಾನ್ ನೀರ್‌ಗಾರ್ಡ್ ಎಂಬ ವೈದ್ಯವಿಜ್ಞಾನಿ ಮಾಡಿದಂಥ ಪರೀಕ್ಷೆ. ನಿರ್ವಾತ ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಹೀರಿ, ಶ್ವಾಸಕೋಶವನ್ನು ಲವಣದ್ರಾವಣದ ತೊಟ್ಟಿಯಲ್ಲಿ ತೇಲಿಬಿಟ್ಟು, ಒಳಗೂ ಅದೇ ದ್ರಾವಣ ತುಂಬಿದೆ. (ಗಾಳಿ ಸರಿಯಾಗಿ ಹೀರದಿದ್ದರೆ ಗುಳ್ಳೆಗಳು ಸಿಕ್ಕಿಕೊಂಡು ಪ್ರಯೋಗ ಕೆಡುತ್ತದೆ; ನನ್ನ ಮೊದಲ ಯತ್ನ ಹಾಗೆಯೇ ಹಾಳಾಯಿತು.) ಈಗ 250 ಮಿ.ಲೀ.ಗೆ ತುಂಬುವಾಗ 4, ಇಳಿಸುವಾಗ 3. ಅಂಗಾಂಶ ಅದೇ, ಅದರ ಹಿಗ್ಗುವ ಗುಣ ಅದೇ. ಇಲ್ಲವಾದದ್ದು ಗಾಳಿ ಮತ್ತು ದ್ರವ ಸೇರುವ ಮೇಲ್ಮೈ ಮಾತ್ರ. ಹಾಗಾದರೆ ಹೆಚ್ಚಿನ ಒತ್ತಡವೂ ಕುಣಿಕೆಯ ಅಗಲವೂ ಬಹುಪಾಲು ಆ ಮೇಲ್ಮೈಯ ಕೆಲಸ.

ಗಾಳಿಗೂಡಿನ ಒಳಮೈಗೆ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ಪೊರೆ ಇದೆ. ಗೂಡು ಕುಗ್ಗುವಾಗ ಅದರ ಅಣುಗಳು ಒತ್ತೊತ್ತಾಗಿ ಮೇಲ್ಮೈ ಎಳೆತ ತೀರಾ ತಗ್ಗುತ್ತದೆ. ಹಿಗ್ಗುವಾಗ ಹೊಸ ಮೇಲ್ಮೈಗೆ ಅಣುಗಳು ಬಂದು ಸೇರಲು ಹೊತ್ತು ಬೇಕು, ಅಷ್ಟರಲ್ಲಿ ಎಳೆತ ಹೆಚ್ಚಿರುತ್ತದೆ. ಆದ್ದರಿಂದ ಗಾತ್ರ ಒಂದೇ ಆದರೂ ಹಿಗ್ಗುವ ದಾರಿಯಲ್ಲಿ ಒತ್ತಡ ಹೆಚ್ಚು. ಇದರ ಜೊತೆಗೆ ಅಂಟಿಕೊಂಡ ಗೂಡುಗಳನ್ನು ಬಿಡಿಸುವ ಖರ್ಚು ಬೇರೆ: ಒಮ್ಮೆ ತೆರೆದದ್ದು ತೆರೆಯಲು ಬೇಕಾದುದಕ್ಕಿಂತ ಕಡಿಮೆ ಒತ್ತಡದಲ್ಲೂ ತೆರೆದೇ ಇರುತ್ತದೆ.

ಈ ಎರಡನೆಯ ಪಾಲು ಎಷ್ಟೆಂದು ನೋಡಲು ಇನ್ನೊಂದು ಕುರಿಯ ಶ್ವಾಸಕೋಶ ತಂದೆ. ಒಮ್ಮೆ ಪೂರ್ತಿ ತುಂಬಿ, 5 ಸೆಂ.ಮೀ.ಗಿಂತ ಕೆಳಗೆ ಇಳಿಯಲು ಬಿಡದೆ ಮತ್ತೆ ತುಂಬಿದೆ. ಕುಣಿಕೆ ಮೊದಲ ಸುತ್ತಿನ ಅರ್ಧದಷ್ಟೂ ಅಗಲವಿರಲಿಲ್ಲ, ಆದರೆ ಮುಚ್ಚಿಯೂ ಹೋಗಲಿಲ್ಲ.